ಓದಲಾಗದ ಅಂಕಿಗೂ ಒಂದು ಜಾಗ

ಮಂಗಳೂರಿನ ತೆರಿಗೆ ಸಲಹಾ ಕಚೇರಿಯೊಂದಕ್ಕಾಗಿ, ಬಿಲ್ಲುಗಳ ಫೋಟೊದಿಂದ ವಿವರಗಳನ್ನು ಹೆಕ್ಕುವ ತಂತ್ರಾಂಶ ಬರೆದಿದ್ದೇನೆ. ಫೋಟೊ ನೋಡಿ ಓದುವುದು ಎಐ ಮಾದರಿಯ ಕೆಲಸ. ಓದಿದ್ದನ್ನು ಯಾವ ನಮೂನೆಯಲ್ಲಿ ಕೊಡಬೇಕು ಎಂದು ಗೊತ್ತುಮಾಡುವುದು ನನ್ನ ಕೆಲಸ. ಬಂದರಿನ ಸಗಟು ಅಂಗಡಿಗಳ ಬಿಲ್ಲುಗಳೆಂದರೆ ಮಸುಕಾದ ಕಾರ್ಬನ್ ಪ್ರತಿ, ಬಿಳಿಚಿಕೊಂಡ ಥರ್ಮಲ್ ಕಾಗದ, ಮಳೆಗಾಲದಲ್ಲಂತೂ ಶಾಯಿ ಹರಡಿದ ಸಾಲುಗಳು. ಹೀಗಾಗಿ ಓದಲು ಬಂದದ್ದನ್ನು ಬರೆಯುವ ನಮೂನೆಗಿಂತ, ಓದಲು ಬಾರದ್ದನ್ನು ಬರೆಯುವ ನಮೂನೆಗೇ ಹೆಚ್ಚು ಯೋಚನೆ ಬೇಕಾಯಿತು.

ಒಂದು ಜಾಗದಲ್ಲಿ ಸಂಖ್ಯೆಯೇ ಇರಬೇಕು ಎಂದು ಸ್ಕೀಮಾ, ಅಂದರೆ ಆ ನಮೂನೆಯ ನಿಯಮಪಟ್ಟಿ, ಕಟ್ಟುಮಾಡಿದರೆ ಮಾದರಿ ಅಲ್ಲಿ ಸಂಖ್ಯೆಯನ್ನೇ ಬರೆಯುತ್ತದೆ, ಕಾಗದದಲ್ಲಿ ಕಾಣಲಿ ಬಿಡಲಿ. ಬೇರೆ ದಾರಿಯನ್ನು ನಾವು ಬಿಟ್ಟಿರುವುದಿಲ್ಲ. ಆ ಜಾಗವನ್ನೇ ಕೈಬಿಡಲು ಅನುಮತಿಸಿದರೆ, ಬಿಲ್ಲಿನಲ್ಲಿ ಇರಲಿಲ್ಲವೋ, ಮಾದರಿ ಮರೆತಿತೋ ತಿಳಿಯುವುದಿಲ್ಲ. ಅದಕ್ಕೆ ಎಲ್ಲ ಕೀಲಿಗಳನ್ನೂ ಕಡ್ಡಾಯ ಮಾಡಿ, ಮೌಲ್ಯದ ಜಾಗದಲ್ಲಿ ಮಾತ್ರ, ಏನೂ ಇಲ್ಲ ಎಂದು ಸೂಚಿಸುವ `null` ಬರಬಹುದು ಎಂದಿಟ್ಟೆ.

`null` ಒಂದೇ ಸಾಲದು. ಸಾಗಣೆ ವೆಚ್ಚದ ಕಾಲಂ ಬಿಲ್ಲಿನಲ್ಲಿ ಇಲ್ಲದಿರುವುದು ಬೇರೆ, ಇದ್ದೂ ನೀರು ಬಿದ್ದು ಅಳಿಸಿರುವುದು ಬೇರೆ. ಮೊದಲನೆಯದಕ್ಕೆ ಯಾರೂ ಏನೂ ಮಾಡಬೇಕಿಲ್ಲ. ಎರಡನೆಯದನ್ನು ಒಬ್ಬರು ಕಣ್ಣಾರೆ ನೋಡಬೇಕು. ಆದ್ದರಿಂದ ಪ್ರತಿ ವಿವರಕ್ಕೂ ಮೂರು ಭಾಗ ಕೊಟ್ಟೆ:

```json
"quantity": {
  "raw": "??",
  "status": "unreadable",
  "value": null
}
```

`status` ಮೂರರಲ್ಲಿ ಒಂದಾಗಿರಬೇಕು: `read`, `absent`, `unreadable`. `raw` ಎಂದರೆ ಕಾಗದದಲ್ಲಿ ಕಂಡದ್ದು ಕಂಡ ಹಾಗೆ; ಕಾಣದ ಒಂದೊಂದು ಅಕ್ಷರಕ್ಕೂ ಒಂದು ಪ್ರಶ್ನೆಚಿಹ್ನೆ. ಈ ಅನುಕ್ರಮವೂ ಬೇಕೆಂದೇ ಇಟ್ಟದ್ದು. ಮಾದರಿ ಎಡದಿಂದ ಬಲಕ್ಕೆ ಬರೆಯುತ್ತಾ ಹೋಗುವುದರಿಂದ, ಮೊದಲು ನಕಲು ಮಾಡಿಸಿ, ಆಮೇಲೆ ಓದಲಾಯಿತೇ ಎಂದು ಕೇಳಿ, ಕೊನೆಗೆ ಮೌಲ್ಯ ಬರೆಸಬೇಕು. `value` ಮೊದಲಿಗಿದ್ದರೆ ಅದು ಅಂದಾಜು ಬರೆದು, ಉಳಿದ ಎರಡನ್ನು ಆ ಅಂದಾಜಿಗೆ ಹೊಂದಿಸಿಬಿಡುತ್ತದೆ.

ಮೇಲಿನ ತುಣುಕು ಪಿವಿಸಿ ಪೈಪಿನ ಬಿಲ್ಲೊಂದರದು. ಮೂರು ಸಾಲುಗಳ ಮೊತ್ತ 6,800, 2,100 ಮತ್ತು 3,500, ಒಟ್ಟು 12,400. ಅದಕ್ಕೆ ಶೇ. 9ರಂತೆ ಸಿಜಿಎಸ್‌ಟಿ 1,116, ಎಸ್‌ಜಿಎಸ್‌ಟಿ 1,116 ಸೇರಿ 14,632 ರೂಪಾಯಿ. ಲೆಕ್ಕ ಸರಿ. ಆದರೆ ಎರಡನೇ ಸಾಲಿನಲ್ಲಿ ಎಲ್ಬೋಗಳ ಸಂಖ್ಯೆಯೂ ಪಕ್ಕದ ರಿಯಾಯಿತಿ ಕಾಲಮ್ಮೂ ಹರಡಿಹೋಗಿದ್ದವು. ದರ 35 ಮಾತ್ರ ಸ್ಪಷ್ಟ. ಕಚೇರಿಯಲ್ಲಿ ಲೆಕ್ಕ ಬರೆಯುವವರು, “ಇದರಲ್ಲಿ ಓದಲಿಕ್ಕೆ ಏನಿದೆ ಮಾರಾಯರೇ, 2,100ನ್ನು 35ರಿಂದ ಭಾಗಿಸಿದರೆ 60” ಎಂದರು. ರಿಯಾಯಿತಿ ಇಲ್ಲದಿದ್ದರೆ 60 ನಿಜ. ಶೇ. 20 ರಿಯಾಯಿತಿ ಇದ್ದರೆ 75 ಎಲ್ಬೋಗಳಿಗೂ ಅದೇ 2,100 ರೂಪಾಯಿ. ತೆರಿಗೆಯ ಲೆಕ್ಕ ಎರಡಕ್ಕೂ ತಾಳೆಯಾಗುತ್ತದೆ. ದಾಸ್ತಾನು ಪುಸ್ತಕದಲ್ಲಿ ಮಾತ್ರ 15 ಎಲ್ಬೋ ಕಾಣೆಯಾಗುತ್ತವೆ. ಮಾದರಿಗೂ ಇದೇ ಭಾಗಾಕಾರದ ಚಪಲ. ಅದಕ್ಕೆ ಸೂಚನೆಯಲ್ಲಿ, ಲೆಕ್ಕ ಹಾಕಿ ತುಂಬಬೇಡ, ಕಂಡದ್ದನ್ನಷ್ಟೇ ಬರೆ ಎಂದು ಹೇಳಿದ್ದೇನೆ. ಲೆಕ್ಕದಿಂದ ಹೊರಡುವ ಉತ್ತರವನ್ನು ಆಮೇಲೆ ನನ್ನ ಕೋಡ್ ಬೇರೊಂದು ಜಾಗದಲ್ಲಿ ಸಲಹೆಯಾಗಿ ಇಡುತ್ತದೆ, ಅದೂ ಒಂದೇ ಉತ್ತರ ಸಾಧ್ಯವಿದ್ದಾಗ ಮಾತ್ರ.

ಜಿಎಸ್‌ಟಿ ನೋಂದಣಿ ಸಂಖ್ಯೆಯಲ್ಲಿ ಅಂಥ ಸಂದರ್ಭವಿದೆ. ಅದರ 15 ಅಕ್ಷರಗಳಲ್ಲಿ ಕೊನೆಯದು ಉಳಿದ 14ರಿಂದ ಲೆಕ್ಕ ಹಾಕಿದ ತಪಾಸಣಾ ಅಕ್ಷರ. ನಡುವೆ ಒಂದೇ ಅಕ್ಷರ ಅಳಿಸಿದ್ದರೆ, ಅಲ್ಲಿ ಹೊಂದುವುದು ಒಂದೇ. ಎರಡು ಅಳಿಸಿದ್ದರೆ ಆ ದಾರಿ ಮುಚ್ಚಿತು.

`status` ಮಾದರಿಯ ಸ್ವಂತ ಹೇಳಿಕೆ ಎಂಬುದನ್ನು ಮರೆಯುವ ಹಾಗಿಲ್ಲ. ಊಹಿಸಿಯೂ ಅದು `read` ಎನ್ನಬಹುದು. ಇದನ್ನು ಹಿಡಿಯಲು ಸ್ಪಷ್ಟವಾದ ಬಿಲ್ಲಿನ ಮೇಲೆ ಚೀಟಿ ಇಟ್ಟು ಒಂದು ಅಂಕಿಯನ್ನು ಮುಚ್ಚಿ ಫೋಟೊ ತೆಗೆಯುತ್ತೇನೆ. ಮುಚ್ಚಿದ ಜಾಗಕ್ಕೆ ಉತ್ತರ ಬಂದರೆ ಅದು ಊಹೆಯೇ ಸರಿ. ಒಟ್ಟು ಮೊತ್ತ ಮತ್ತು ನೋಂದಣಿ ಸಂಖ್ಯೆಯ ಮೊದಲ ಎರಡು ಅಂಕಿ, ಇವೆರಡನ್ನು ಮುಚ್ಚಿದಾಗ ಊಹೆ ಹೆಚ್ಚು. ಒಟ್ಟನ್ನು ಕೂಡಿಸಿ ಪಡೆಯಬಹುದು. ಕರ್ನಾಟಕದ ಸಂಕೇತ 29 ಎಂಬುದು ಅದಕ್ಕೆ ಗೊತ್ತು. ಕಾಸರಗೋಡಿನ ಮಾರಾಟಗಾರರ ಬಿಲ್ಲಿನಲ್ಲಿ ಅದು 32 ಆಗಿರಬೇಕು. ಅಲ್ಲಿ 29 ಬಿದ್ದರೆ ಐಜಿಎಸ್‌ಟಿ ಬರಬೇಕಾದ ಖರೀದಿ ರಾಜ್ಯದೊಳಗಿನದಾಗಿ ತೋರುತ್ತದೆ.

ಇನ್ನು ಉಳಿದದ್ದು ಎಕ್ಸೆಲ್. ಅಲ್ಲಿ ಖಾಲಿ ಕೋಶ ಮೊತ್ತ ಕೂಡಿಸುವಾಗ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಇಷ್ಟು ಜಾಗ್ರತೆಯಿಂದ ಕಾಪಾಡಿದ ವ್ಯತ್ಯಾಸ ಅಲ್ಲಿಗೆ ಮುಗಿಯಿತು. ಆದ್ದರಿಂದ ಒಂದಾದರೂ `unreadable` ಇರುವ ಬಿಲ್ಲು ಟ್ಯಾಲಿಗೆ ಹೋಗುವ ಕಡತಕ್ಕೆ ಸೇರುವುದೇ ಇಲ್ಲ. ಫೋಟೊದ ಆ ಸಾಲು ಪರದೆಯ ಮೇಲೆ ಬರುತ್ತದೆ, ಲೆಕ್ಕ ಬರೆಯುವವರು ಅಂಗಡಿಗೆ ಫೋನ್ ಮಾಡಿ ಕೇಳಿ ತುಂಬುತ್ತಾರೆ, ತುಂಬಿದವರ ಹೆಸರೂ ದಾಖಲಾಗುತ್ತದೆ.