ಯಾರೂ ಬಳಸದಿದ್ದಾಗಲೂ ಅಪ್‌ಲೋಡ್ ತುಂಬಿದ್ದೇಕೆ: ರೂಟರ್ ಲೆಕ್ಕದಿಂದ ಹಿಡಿದ ಬಗೆ

ಸ್ಪೀಡ್ ಟೆಸ್ಟ್ ಮಾಡಿದರೆ ಡೌನ್‌ಲೋಡ್ ಸುಮಾರಾಗಿ ಬರುತ್ತಿತ್ತು, ಆದರೆ ವಿಡಿಯೋ ಕಾಲ್‌ನಲ್ಲಿ ನನ್ನ ಮಾತು ಎದುರಿನವರಿಗೆ ತುಂಡು ತುಂಡಾಗಿ ಕೇಳುತ್ತಿತ್ತು. ಈ ಎರಡೂ ಒಟ್ಟಿಗೆ ಕಂಡರೆ ನಾನು ಮೊದಲು ಅನುಮಾನಿಸುವುದು ಅಪ್‌ಲೋಡನ್ನು. ನಮ್ಮ ಕನೆಕ್ಷನ್‌ನಲ್ಲಿ ಡೌನ್‌ಲೋಡ್ 50 ಎಂಬಿಪಿಎಸ್, ಅಪ್‌ಲೋಡ್ ಬರೀ 5. ಈ 5 ತುಂಬಲು ಒಂದೇ ಒಂದು ಡಿವೈಸ್ ಸಾಕು.

ಅದನ್ನು ಖಚಿತಪಡಿಸಿಕೊಳ್ಳಲು ಪಿಂಗ್ ಹಾಕಿ ನೋಡಿದೆ. ಲೈನ್ ಖಾಲಿ ಇದ್ದಾಗ 15 ಮಿಲಿಸೆಕೆಂಡ್ ಬರುವುದು ಆಗ 400ರ ಆಸುಪಾಸು ಬರುತ್ತಿತ್ತು. ಇದು ಯಾಕೆ ಅಂದರೆ, ಮೋಡೆಮ್ ಕಳುಹಿಸಲಾಗದ ಡೇಟಾವನ್ನು ತನ್ನ ಬಫರ್‌ನಲ್ಲಿ ಸಾಲಾಗಿ ನಿಲ್ಲಿಸುತ್ತದೆ. ಬಫರ್ 256 ಕೆಬಿ ಅಂತ ಇಟ್ಟುಕೊಳ್ಳಿ, 5 ಎಂಬಿಪಿಎಸ್ ಲೈನ್‌ನಲ್ಲಿ ಅದು ಖಾಲಿಯಾಗಲು ಸುಮಾರು 0.4 ಸೆಕೆಂಡ್ ಬೇಕು. ನಿಮ್ಮ ಮಾತಿನ ಪ್ಯಾಕೆಟ್ ಕೂಡ ಆ ಸಾಲಿನ ಕೊನೆಯಲ್ಲೇ ನಿಲ್ಲಬೇಕು. ಡೌನ್‌ಲೋಡ್ ಆದ ಡೇಟಾಗೆ "ಬಂತು" ಅಂತ ವಾಪಸ್ ಹೇಳುವ ಸಣ್ಣ ಪ್ಯಾಕೆಟ್‌ಗಳೂ ಅಲ್ಲೇ ಸಿಕ್ಕಿಕೊಳ್ಳುತ್ತವೆ, ಹಾಗಾಗಿ ವೆಬ್ ಪೇಜ್‌ಗಳೂ ತಡವಾಗಿ ತೆರೆಯುತ್ತವೆ.

ಈಗ ಯಾರು ಅಂತ ಹುಡುಕಬೇಕು. ನನ್ನ ರೂಟರ್‌ನಲ್ಲಿ ಓಪನ್‌ವರ್ಟ್ ಅನ್ನುವ ರೂಟರ್ ಸಾಫ್ಟ್‌ವೇರ್ ಇದೆ, ಅದಕ್ಕೆ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗಿ ಇದನ್ನು ಕೊಟ್ಟೆ:

```
iw dev wlan0 station dump | grep -E 'Station|inactive|bytes:|signal:'
```

ವೈಫೈಗೆ ಸೇರಿರುವ ಪ್ರತಿ ಡಿವೈಸ್‌ನ ಮ್ಯಾಕ್ ವಿಳಾಸ, ಅದರ ಕೆಳಗೆ `rx bytes`, `tx bytes` ಬರುತ್ತವೆ. ನಿಮ್ಮಲ್ಲಿ `wlan0` ಬದಲು ಬೇರೆ ಹೆಸರಿರಬಹುದು, `iw dev` ಅಂತ ಕೊಟ್ಟರೆ ಗೊತ್ತಾಗುತ್ತದೆ. 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರಿರುತ್ತದೆ, ಎರಡನ್ನೂ ನೋಡಬೇಕು. ಓಪನ್‌ವರ್ಟ್ ಇಲ್ಲದ ಕೆಲವು ರೂಟರ್‌ಗಳಲ್ಲಿ ಇದೇ ಥರದ ಲೆಕ್ಕ ಸೆಟ್ಟಿಂಗ್ಸ್ ಪೇಜ್‌ನಲ್ಲಿ `Traffic Statistics` ಥರದ ಹೆಸರಲ್ಲಿ ಸಿಗುತ್ತದೆ.

ಇಲ್ಲಿ ಒಂದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಈ ಲೆಕ್ಕ ರೂಟರ್ ಕಡೆಯಿಂದ ಬರೆದದ್ದು. `rx` ಅಂದರೆ ರೂಟರ್‌ಗೆ ಬಂದದ್ದು, ಅಂದರೆ ಆ ಡಿವೈಸ್ ಕಳುಹಿಸಿದ್ದು. ನಮಗೆ ಬೇಕಾದ ಅಪ್‌ಲೋಡ್ ಇರುವುದು `rx`ನಲ್ಲಿ.

ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಟಿವಿಯದ್ದು, `tx` 180 ಜಿಬಿ ದಾಟಿತ್ತು. ಯಾರಾದರೂ ನೋಡಿದರೆ ಟಿವಿಯೇ ಕಳ್ಳ ಅಂದುಬಿಡುತ್ತಾರೆ. ಆದರೆ ಅದು ಟಿವಿ ರೂಟರ್‌ಗೆ ಸೇರಿದಾಗಿನಿಂದ ಕೂಡುತ್ತಾ ಬಂದ ಮೊತ್ತ, ಅದೂ ಡೌನ್‌ಲೋಡ್. ಈಗ ಏನು ನಡೀತಿದೆ ಅನ್ನುವುದು ಆ ಮೊತ್ತದಿಂದ ಗೊತ್ತಾಗುವುದಿಲ್ಲ. ಅದಕ್ಕೆ ಎರಡು ಸಲ ಓದಿ ಕಳೆಯಬೇಕು, ನಾನು ಹೋಗುವುದು ಯಾವಾಗಲೂ ಹೀಗೇ. ಒಮ್ಮೆ ಔಟ್‌ಪುಟ್ ಫೈಲ್‌ಗೆ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ತೆಗೆದುಕೊಂಡು, ಪಕ್ಕಪಕ್ಕ ಇಟ್ಟು ನೋಡಿದೆ. ಮನೆಯವರೆಲ್ಲ ಮಲಗಿದ ಮೇಲೆ ಮಾಡಿದ್ದರಿಂದ ಬೇರೆ ಗದ್ದಲ ಇರಲಿಲ್ಲ.

ಟಿವಿ ಆ ಹತ್ತು ನಿಮಿಷದಲ್ಲಿ ಹೆಚ್ಚೂಕಡಿಮೆ ಸುಮ್ನೆ ಇತ್ತು. ಆದರೆ ಪಟ್ಟಿಯ ಮಧ್ಯದಲ್ಲಿದ್ದ ಒಂದು ಡಿವೈಸ್‌ನ `rx` ಹೀಗೆ ಏರಿತ್ತು:

```
41208553120
41509870544
```

ವ್ಯತ್ಯಾಸ ಸುಮಾರು 301 ಎಂಬಿ. ಅದನ್ನು 8ರಿಂದ ಗುಣಿಸಿ 600 ಸೆಕೆಂಡಿಗೆ ಭಾಗಿಸಿದರೆ 4 ಎಂಬಿಪಿಎಸ್. ನಮ್ಮ 5ರಲ್ಲಿ 4 ಹೋಗುತ್ತಿದ್ದದ್ದು ಇದೊಂದಕ್ಕೇ!

ಆದರೂ ಇಷ್ಟಕ್ಕೇ ತೀರ್ಮಾನ ಮಾಡಬಾರದು. ವೈಫೈ ಲೆಕ್ಕದಲ್ಲಿ ಮನೆಯೊಳಗಿನ ಓಡಾಟವೂ ಸೇರಿರುತ್ತದೆ. ಕ್ಯಾಮೆರಾ ಒಂದು ಮನೆಯಲ್ಲೇ ಇರುವ ರೆಕಾರ್ಡರ್‌ಗೆ ವಿಡಿಯೋ ಕಳಿಸುತ್ತಿದ್ದರೆ ಅದೂ ದೊಡ್ಡದಾಗೇ ಕಾಣುತ್ತದೆ, ಇಂಟರ್‌ನೆಟ್‌ಗೆ ಅದರಿಂದ ಏನೂ ಹೊರೆಯಿಲ್ಲ. ಅದಕ್ಕೆ ಹೊರಗೆ ಹೋಗುವ ದಾರಿಯ ಲೆಕ್ಕವನ್ನೂ ಅದೇ ಹತ್ತು ನಿಮಿಷಕ್ಕೆ ತೆಗೆದುಕೊಂಡಿದ್ದೆ:

```
cat /sys/class/net/wan/statistics/tx_bytes
```

ಇಲ್ಲೂ `wan` ಬದಲು ನಿಮ್ಮಲ್ಲಿ ಬೇರೆ ಹೆಸರಿರಬಹುದು. ನನಗೆ ಬಂದ ವ್ಯತ್ಯಾಸ ಸುಮಾರು 330 ಎಂಬಿ. ಎರಡೂ ಹತ್ತಿರ ಹತ್ತಿರ ಇವೆ, ಹಾಗಾಗಿ ಆ ಡಿವೈಸ್ ಕಳಿಸಿದ್ದು ಹೊರಗೇ ಹೋಗುತ್ತಿದೆ ಅನ್ನುವುದು ಖಚಿತವಾಯಿತು. ಒಂದು ವೇಳೆ ಹೊರಗಿನ ಲೆಕ್ಕ ದೊಡ್ಡದಿದ್ದು ವೈಫೈ ಡಿವೈಸ್‌ಗಳನ್ನೆಲ್ಲ ಕೂಡಿದರೂ ಅಷ್ಟಾಗದಿದ್ದರೆ ಕೇಬಲ್‌ನಲ್ಲಿ ಸೇರಿಸಿದ ಕಂಪ್ಯೂಟರ್‌ಗಳ ಕಡೆ ತಿರುಗಬೇಕು, ಅವು ಈ ಪಟ್ಟಿಯಲ್ಲಿ ಬರುವುದೇ ಇಲ್ಲ.

ಮ್ಯಾಕ್ ವಿಳಾಸ ಸಿಕ್ಕಿತು, ಆದರೆ ಅದು ಯಾವ ಡಿವೈಸ್? `/tmp/dhcp.leases` ಫೈಲ್‌ನಲ್ಲಿ ಹೆಸರಿನ ಜಾಗದಲ್ಲಿ ಬರೀ ನಕ್ಷತ್ರ ಚಿಹ್ನೆ. ವಿಳಾಸ ಶುರುವಾಗುತ್ತಿದ್ದದ್ದು `da:`ಯಿಂದ. ಎರಡನೇ ಅಕ್ಷರ 2, 6, a, e ಈ ನಾಲ್ಕರಲ್ಲಿ ಒಂದಾಗಿದ್ದರೆ ಆ ವಿಳಾಸ ತಯಾರಕರು ಕೊಟ್ಟದ್ದಲ್ಲ, ಸಾಫ್ಟ್‌ವೇರ್ ತಾನೇ ಹುಟ್ಟಿಸಿಕೊಂಡದ್ದು. ಹೊಸ ಫೋನ್, ಟ್ಯಾಬ್ಲೆಟ್‌ಗಳು ಹೀಗೇ ಮಾಡುತ್ತವೆ, ಆದ್ದರಿಂದ ಕಂಪನಿಯ ಹೆಸರು ಹುಡುಕಿ ಪ್ರಯೋಜನವಿಲ್ಲ. ಆದರೆ ಇದರಿಂದಲೇ ಒಂದು ಸುಳಿವು ಸಿಕ್ಕಿತು: ಇದು ಹೆಚ್ಚಾಗಿ ಫೋನೋ ಟ್ಯಾಬ್ಲೆಟ್ಟೋ ಇರಬೇಕು.

ಇನ್ನೊಂದು ಸುಳಿವು ಅದೇ ಔಟ್‌ಪುಟ್‌ನಲ್ಲಿತ್ತು. `signal` -74 ಇತ್ತು, ಉಳಿದ ಡಿವೈಸ್‌ಗಳೆಲ್ಲ -40ರಿಂದ -60ರ ಒಳಗೆ. ಸಂಖ್ಯೆ ಸೊನ್ನೆಯಿಂದ ದೂರವಾದಷ್ಟೂ ಸಿಗ್ನಲ್ ದುರ್ಬಲ, ಅಂದರೆ ಇದು ರೂಟರ್‌ಗೆ ದೂರದ ಕೋಣೆಯಲ್ಲಿರಬೇಕು. `inactive time` ಕೆಲವೇ ಮಿಲಿಸೆಕೆಂಡ್, ಅಂದರೆ ಈ ಕ್ಷಣದಲ್ಲೂ ಕೆಲಸ ಮಾಡುತ್ತಿದೆ. ಮೂಲೆಯ ಕೋಣೆಗೆ ಹೋಗಿ ನೋಡಿದರೆ ಮಗಳ ಹಳೇ ಟ್ಯಾಬ್ಲೆಟ್ ಚಾರ್ಜರ್‌ಗೆ ಸಿಕ್ಕಿಸಿತ್ತು, ಸ್ಕ್ರೀನ್ ಆಫ್. ವೈಫೈ ಸೆಟ್ಟಿಂಗ್‌ನಲ್ಲಿ ವಿಳಾಸ ತಾಳೆಯಾಯಿತು.

ಆ ಟ್ಯಾಬ್ಲೆಟ್‌ನ ಒಟ್ಟು ಸ್ಟೋರೇಜ್ 32 ಜಿಬಿ. ಅದು ಕಳುಹಿಸಿದ್ದು 41 ಜಿಬಿ! ತನ್ನಲ್ಲಿರುವುದಕ್ಕಿಂತ ಜಾಸ್ತಿ ಕಳಿಸಿದೆ ಅಂದರೆ ಒಂದೇ ಫೈಲನ್ನು ಮತ್ತೆ ಮತ್ತೆ ಕಳಿಸುತ್ತಿದೆ ಅಂತಲೇ ಅರ್ಥ, ಅಲ್ವಾ? ಫೋಟೋ ಬ್ಯಾಕಪ್ ಆ್ಯಪ್ ತೆರೆದಾಗ ಅದು ಒಂದು ಉದ್ದನೆಯ ವಿಡಿಯೋದಲ್ಲಿ ಸಿಕ್ಕಿಕೊಂಡಿತ್ತು. ಮೆಮೊರಿ ಕಡಿಮೆ ಇರುವ ಟ್ಯಾಬ್ಲೆಟ್ ಆ್ಯಪನ್ನು ನಡುವೆ ಮುಚ್ಚಿದಾಗೆಲ್ಲ ಅಪ್‌ಲೋಡ್ ಮೊದಲಿನಿಂದ ಶುರುವಾಗುತ್ತಿತ್ತು. ವಿಡಿಯೋವನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿ ಟ್ಯಾಬ್ಲೆಟ್‌ನಿಂದ ತೆಗೆದೆ. ಮತ್ತೆ ಹತ್ತು ನಿಮಿಷದ ಲೆಕ್ಕ ತೆಗೆದಾಗ ಅದರ `rx` 2 ಎಂಬಿಯಷ್ಟೂ ಏರಲಿಲ್ಲ, ಪಿಂಗ್ 15ಕ್ಕೆ ಇಳಿದಿತ್ತು.

ಇದನ್ನು ಮಾಡಿ ನೋಡುವವರಿಗೆ ಲೆಕ್ಕ ತಪ್ಪಿಸುವ ಎರಡು ವಿಷಯ ಹೇಳಿಬಿಡುತ್ತೇನೆ. ಡಿವೈಸ್ ವೈಫೈ ಬಿಟ್ಟು ಮತ್ತೆ ಸೇರಿದರೆ ಈ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ, ಆದ್ದರಿಂದ ಎರಡನೇ ಸಂಖ್ಯೆ ಮೊದಲನೆಯದಕ್ಕಿಂತ ಚಿಕ್ಕದಿದ್ದರೆ ಆ ಓದು ಬಿಟ್ಟು ಹೊಸದಾಗಿ ಮಾಡಿ. ಇನ್ನೊಂದು, ರೂಟರ್‌ನಲ್ಲಿ ಹಾರ್ಡ್‌ವೇರ್ ಆಫ್‌ಲೋಡಿಂಗ್ ಆನ್ ಇದ್ದರೆ ಡೇಟಾ ಪ್ರೊಸೆಸರ್‌ವರೆಗೆ ಬರದೆ ಚಿಪ್‌ನಲ್ಲೇ ದಾಟಿಹೋಗುತ್ತದೆ, ಆಗ ಡಿವೈಸ್‌ವಾರು ಲೆಕ್ಕ ಕಡಿಮೆ ತೋರಿಸಬಹುದು. ಲೈನ್ ತುಂಬಿದೆ ಅಂತ ಪಿಂಗ್ ಹೇಳುತ್ತಿದ್ದರೂ ಪಟ್ಟಿಯಲ್ಲಿ ಯಾರೂ ಕಾಣದಿದ್ದರೆ ಅಳೆಯುವಷ್ಟು ಹೊತ್ತು ಅದನ್ನು ಆಫ್ ಮಾಡಿ ನೋಡಿ.

ಆ ಟ್ಯಾಬ್ಲೆಟ್ಟನ್ನು ಮ್ಯಾಕ್ ವಿಳಾಸದ ಮೇಲೆ ಬ್ಲಾಕ್ ಮಾಡಲು ನಾನು ಹೋಗಲಿಲ್ಲ, ವಿಳಾಸ ಬದಲಾದರೆ ಅದು ನಿಲ್ಲುವುದಿಲ್ಲ. ಬದಲಿಗೆ ರೂಟರ್‌ನಲ್ಲಿ ಪ್ಯಾಕೆಟ್‌ಗಳ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಹಾಕಿ ಅಪ್‌ಲೋಡ್ ಮಿತಿಯನ್ನು 4500 ಕೆಬಿಪಿಎಸ್‌ಗೆ ಇಟ್ಟೆ, ಲೈನ್‌ನ ವೇಗಕ್ಕಿಂತ ಸ್ವಲ್ಪ ಕಡಿಮೆ. ಹೀಗಿಟ್ಟರೆ ಸಾಲು ಮೋಡೆಮ್‌ನಲ್ಲಿ ಬೆಳೆಯುವುದಿಲ್ಲ, ರೂಟರ್‌ನಲ್ಲೇ ನಿಲ್ಲುತ್ತದೆ, ಮತ್ತು ರೂಟರ್ ಎಲ್ಲರಿಗೂ ಪಾಲು ಹಂಚುತ್ತದೆ. ಈಗ ಯಾವುದಾದರೂ ಫೋನ್ ಬ್ಯಾಕಪ್ ಶುರು ಮಾಡಿದರೂ ಪಿಂಗ್ 30 ದಾಟುವುದು ಅಪರೂಪ.