ಚಿರತೆ ಓಡಾಟ: ರಾತ್ರಿ ನಾಯಿಯನ್ನು ಹೊರಗೆ ಕಟ್ಟಬೇಡಿ

ಚಿಕ್ಕಮಗಳೂರಿನ ಅಂಚಿನಲ್ಲಿ, ಕಾಫಿ ತೋಟಕ್ಕೆ ತಾಗಿದ ಬಡಾವಣೆಗಳಲ್ಲಿ ಇರುವವರು ಗಮನಿಸಿ. ಚಿರತೆ ಮನೆ ಹತ್ತಿರ ಬರುವುದು ಹೆಚ್ಚಾಗಿ ನಾಯಿಗಾಗಿ. ಖಾಲಿ ಸೈಟಿನಲ್ಲಿ ಕೋಳಿ ತ್ಯಾಜ್ಯ ಸುರಿದರೆ ಬೀದಿನಾಯಿಗಳು ಸೇರುತ್ತವೆ, ಅವುಗಳ ಹಿಂದೆ ಚಿರತೆಯೂ ಬರುತ್ತದೆ.

ಗೇಟಿನ ಬಳಿ ಚೈನ್ ಹಾಕಿ ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ. ಕಾವಲಿಗೆ ಅಂತ ಕಟ್ಟುತ್ತೇವೆ, ಆದರೆ ಅದು ಸುಮ್ನೆ ತುತ್ತು ಇಟ್ಟ ಹಾಗೆ. ಕತ್ತಲಾಗುವ ಮೊದಲೇ ಒಳಗೆ ಸೇರಿಸಿ. ಜಾಗ ಇಲ್ಲದಿದ್ದರೆ ಗಟ್ಟಿ ಕಬ್ಬಿಣದ ಜಾಲರಿಯ ಗೂಡು ಮಾಡಿಸಿ. ಮೇಲೂ ಜಾಲರಿ ಬೇಕೇ ಬೇಕು. ಕಾಂಪೌಂಡ್ ಎತ್ತರ ನಂಬಬೇಡಿ, ಚಿರತೆ ಮರವನ್ನೇ ಹತ್ತುತ್ತದೆ ಅಲ್ವಾ?

ಬೆಳಿಗ್ಗೆ ಒದ್ದೆ ಮಣ್ಣಿನಲ್ಲಿ ಹೆಜ್ಜೆ ಕಂಡರೆ ಉಗುರು ನೋಡಿ. ನಾಯಿ ಹೆಜ್ಜೆಯಲ್ಲಿ ಬೆರಳ ತುದಿಗೆ ಉಗುರಿನ ಗುರುತು ಇರುತ್ತದೆ. ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಳ್ಳುತ್ತದೆ, ಹಾಗಾಗಿ ನಾಲ್ಕು ಬೆರಳು ಮಾತ್ರ ಮೂಡುತ್ತವೆ. ಹೆಜ್ಜೆಯೂ ದುಂಡಗಿರುತ್ತದೆ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಪೆನ್ ಇಡಿ, ಅಳತೆ ಗೊತ್ತಾಗುತ್ತದೆ.

ಎದುರಾದರೆ ಓಡಬೇಡಿ, ಬಗ್ಗಬೇಡಿ. ಮಕ್ಕಳಿದ್ದರೆ ಎತ್ತಿಕೊಳ್ಳಿ. ಮುಖ ಅದರ ಕಡೆಗೇ ಇಟ್ಟು, ಜೋರಾಗಿ ಮಾತಾಡುತ್ತಾ ನಿಧಾನಕ್ಕೆ ಹಿಂದೆ ಸರಿಯಿರಿ. ಅದಕ್ಕೆ ಓಡಲು ದಾರಿ ಇರಲಿ. ಶೆಡ್ಡಿಗೆ ನುಗ್ಗಿದರೆ, ಒಳಗೆ ಯಾರೂ ಇಲ್ಲದಿದ್ದರೆ, ಹೊರಗಿನಿಂದ ಬಾಗಿಲು ಹಾಕಿ. ಅರಣ್ಯ ಇಲಾಖೆಯ 1926 ಅಥವಾ 112ಕ್ಕೆ ಫೋನ್ ಮಾಡಿ. ವಿಡಿಯೋ ಮಾಡಲು ಜನ ಸುತ್ತುವರಿದರೆ ಗಾಬರಿಯಾದ ಚಿರತೆ ಎದುರಿದ್ದವರ ಮೇಲೇ ಎರಗುತ್ತದೆ.