ದುಡ್ಡಿದ್ದರೂ ಕಾರ್ಡ್ ಪೇಮೆಂಟ್ ಆಗದೇ ಇದ್ದಾಗ

ವೆಬ್‌ಸೈಟ್ ಹೋಸ್ಟಿಂಗ್‌ಗೆ ಡೆಬಿಟ್ ಕಾರ್ಡಿನಲ್ಲಿ 1,180 ರೂಪಾಯಿ ಕಟ್ಟಬೇಕಿತ್ತು. ಖಾತೆಯಲ್ಲಿ ಬೇಕಾದಷ್ಟು ದುಡ್ಡಿತ್ತು. ಆದರೂ ಡಿಕ್ಲೈನ್, ಒಟಿಪಿ ಕೂಡ ಬರಲಿಲ್ಲ.

ಆ ಒಟಿಪಿ ಬಾರದ್ದೇ ಇದು ವಿದೇಶಿ ವ್ಯವಹಾರ ಇರಬಹುದು ಎಂಬುದಕ್ಕೆ ಸುಳಿವು. ಬೆಲೆ ರೂಪಾಯಿಯಲ್ಲಿದ್ದರೂ ದುಡ್ಡು ಪಡೆಯುವ ಕಂಪನಿಯ ಬ್ಯಾಂಕ್ ಹೊರದೇಶದ್ದಾದರೆ ಅದು ವಿದೇಶಿ ವ್ಯವಹಾರವೇ. 2020ರ ಆರ್‌ಬಿಐ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಆಫ್ ಆಗಿಯೇ ಬರುತ್ತದೆ, ನಾವೇ ಆನ್ ಮಾಡಬೇಕು. ಬ್ಯಾಂಕ್ ಆ್ಯಪ್‌ನ ಕಾರ್ಡ್ ಸೆಟ್ಟಿಂಗ್‌ನಲ್ಲಿ ವಿದೇಶಿ ಆನ್‌ಲೈನ್ ಬಳಕೆ ಆನ್ ಮಾಡಿದೆ. ಕೆಳಗೆ ಮಿತಿ ಸೊನ್ನೆ ಇತ್ತು! ಅದನ್ನು 2,000ಕ್ಕೆ ಏರಿಸಿದೆ.

ಮತ್ತೆ ಡಿಕ್ಲೈನ್. ಕಸ್ಟಮರ್ ಕೇರ್‌ನವರಿಗೆ, "ಕಾರಣದ ಕೋಡ್ ಏನಿದೆ ನೋಡಿ ಹೇಳಿ ಸರ್" ಎಂದೆ. ಸುಮ್ನೆ 'ಯಾಕೆ ಆಗ್ತಿಲ್ಲ' ಅಂದರೆ ಸರಿಯಾದ ಉತ್ತರ ಸಿಗುವುದು ಕಷ್ಟ. 51 ಅಂದರೆ ಬ್ಯಾಲೆನ್ಸ್ ಸಾಲದು, 57 ಅಂದರೆ ಆ ಬಗೆಯ ವ್ಯವಹಾರಕ್ಕೆ ಅನುಮತಿಯಿಲ್ಲ, 59 ಅಂದರೆ ವಂಚನೆಯ ಅನುಮಾನ. ನನ್ನದು 59. ಒಂದೇ ಮೊತ್ತವನ್ನು ಬೇಗಬೇಗ ಒತ್ತಿದ್ದು ಅವರ ರಿಸ್ಕ್ ವ್ಯವಸ್ಥೆಗೆ ಅನುಮಾನ ತರಿಸಿತ್ತು. ನಾನೇ ಎಂದು ಖಚಿತಪಡಿಸಿದ ಮೇಲೆ ತಡೆ ತೆಗೆದರು, ಪೇಮೆಂಟ್ ಆಯಿತು.

ಸೆಟ್ಟಿಂಗ್ ಸರಿಯಿದ್ದೂ 57 ಬಂದರೆ ಅಂಗಡಿಯ ವರ್ಗವನ್ನೇ ಬ್ಯಾಂಕ್ ತಡೆದಿರಬಹುದು. ಜೂಜಿನ ಸೈಟ್‌ಗಳ ವರ್ಗದ ಕೋಡ್ 7995 ಅಂಥದ್ದು. ಅದಕ್ಕೆ ಆ್ಯಪ್‌ನಲ್ಲಿ ಬಟನ್ ಹುಡುಕಬೇಡಿ.